ಲ್ಯಾಗ್ ಹಾಕೋದು ಸರಿ, ಆದರೆ ಝೀರೋ ಎಲ್ಲಿಡಬೇಕು?

ಮೋಟಾರ್ ಮೇಲೆ ಕೂರಿಸಿದ ಒಂದು ಕ್ಯಾಮೆರಾ ಇದೆ ಅಂದುಕೊಳ್ಳಿ. ರಸ್ತೆಯಲ್ಲಿ ಹೋಗುವ ಗಾಡಿಯನ್ನು ಅದು ಹಿಂಬಾಲಿಸಬೇಕು. ಮೋಟಾರಿನ ಟೈಮ್ ಕಾನ್‌ಸ್ಟೆಂಟ್ 0.1 ಸೆಕೆಂಡ್. ಡ್ರೈವ್‌ನಲ್ಲಿ ಇನ್ನೊಂದು 0.02 ಸೆಕೆಂಡಿನ ತಡ ಇದೆ. ವೇಗವನ್ನು ಕೋನವಾಗಿಸುವ ಕಡೆ ಒಂದು ಇಂಟಿಗ್ರೇಟರ್ ತಾನಾಗಿಯೇ ಬರುತ್ತದೆ. ಲೂಪ್ ಹೀಗೆ:

G(s) = K / [ s (0.1s + 1)(0.02s + 1) ]

K = 5.62 ಇಟ್ಟರೆ ಗೇನ್ ಕ್ರಾಸ್‌ಓವರ್ ಸರಿಯಾಗಿ 5 ರೇಡಿಯನ್/ಸೆಕೆಂಡಿಗೆ ಬರುತ್ತದೆ, ಫೇಸ್ ಮಾರ್ಜಿನ್ 57.7 ಡಿಗ್ರಿ. ಸ್ಟೆಪ್ ಕೊಟ್ಟರೆ ಶೇ. 10ರಷ್ಟು ಓವರ್‌ಶೂಟ್, ಒಂದು ಸೆಕೆಂಡಿನೊಳಗೆ ತಣ್ಣಗಾಗುತ್ತದೆ. ನೋಡೋಕೆ ಚೆನ್ನಾಗೇ ಇದೆ. ತೊಂದರೆ ಬರೋದು ಗಾಡಿ ಒಂದೇ ವೇಗದಲ್ಲಿ ಹೋಗುವಾಗ. ಕ್ಯಾಮೆರಾ ಸೆಕೆಂಡಿಗೆ 10 ಡಿಗ್ರಿ ತಿರುಗಬೇಕಾದರೆ ಎರರ್ 10/5.62, ಅಂದರೆ 1.78 ಡಿಗ್ರಿ. ಜೂಮ್ ಜಾಸ್ತಿ ಮಾಡಿದ ಲೆನ್ಸಿನಲ್ಲಿ ಗಾಡಿ ಚೌಕಟ್ಟಿನ ಅಂಚಿಗೆ ಹೋಗಿ ಕೂರುತ್ತದೆ. ಎಷ್ಟು ಹೊತ್ತು ಕಾದರೂ ನಡುವಿಗೆ ಬರುವುದಿಲ್ಲ.

ನಮಗೆ ಬೇಕಾಗಿರುವುದು ಇದರ ಹತ್ತನೇ ಒಂದು ಭಾಗ, 0.18 ಡಿಗ್ರಿ. ಅಂದರೆ ವೇಗವನ್ನು ಎರರಿನಿಂದ ಭಾಗಿಸಿದಾಗ ಬರುವ Kv 56.2 ಆಗಬೇಕು. ಆದರೆ ಕ್ರಾಸ್‌ಓವರ್ 5ರ ಆಸುಪಾಸಿನಲ್ಲೇ ಇರಬೇಕು. ಅದಕ್ಕಿಂತ ಮೇಲೆ ಹೋದರೆ ಕಂಬದ ಅಲುಗಾಟ, ಗೇರಿನ ಸಡಿಲ, ಸೆನ್ಸರಿನ ನಾಯ್ಸ್ ಎಲ್ಲವೂ ಲೂಪಿನೊಳಗೆ ಬರುತ್ತವೆ. ಇಂಥ ಕಡೆ ಹಾಕುವುದು ಲ್ಯಾಗ್ ಕಾಂಪೆನ್ಸೇಟರ್, ಅಂದರೆ ನಿಧಾನದ ಬದಲಾವಣೆಗಳಿಗೆ ಮಾತ್ರ ಗೇನ್ ಏರಿಸುವ ಭಾಗ.

ಗೇನ್ ಮಾತ್ರ ಏರಿಸಿದರೆ

ಮೊದಲು ಎಲ್ಲರಿಗೂ ಹೊಳೆಯುವ ದಾರಿ ಇದೇ, ಅಲ್ವಾ? K ಅನ್ನು ಹತ್ತು ಪಟ್ಟು ಮಾಡಿದರೆ ಕ್ರಾಸ್‌ಓವರ್ 21.6ಕ್ಕೆ ಜಿಗಿಯುತ್ತದೆ, ಫೇಸ್ ಮಾರ್ಜಿನ್ 1.4 ಡಿಗ್ರಿಗೆ ಇಳಿಯುತ್ತದೆ. ಈ ಲೂಪ್ ಅಸ್ಥಿರವಾಗುವುದು K = 60ರಲ್ಲಿ. ನಾವು 56.2ರಲ್ಲಿ ನಿಂತಿದ್ದೇವೆ. ಗಣಿತದ ಪ್ರಕಾರ ಲೂಪ್ ಸ್ಥಿರ. ನಿಜವಾದ ಮೋಟಾರಿನಲ್ಲಿ ಕ್ಯಾಮೆರಾ ಗಡಗಡ ನಡುಗುತ್ತದೆ, ಅಷ್ಟೇ.

ಹಾಗಂತ ಈ ದಾರಿಯನ್ನು ಪೂರ್ತಿ ತಳ್ಳಿಹಾಕಬೇಡಿ. ಎರರ್ ಅರ್ಧಕ್ಕೆ ಇಳಿದರೆ ಸಾಕು ಅನ್ನುವುದಾದರೆ K = 12 ಇಡಿ. ಕ್ರಾಸ್‌ಓವರ್ 9ರ ಹತ್ತಿರ ಹೋಗುತ್ತದೆ, ಮಾರ್ಜಿನ್ 38 ಡಿಗ್ರಿ ಉಳಿಯುತ್ತದೆ. ಯಂತ್ರ ಅದನ್ನು ತಾಳಿಕೊಂಡರೆ ಲ್ಯಾಗ್ ಯಾಕೆ ಬೇಕು? ಮುಂದೆ ಹೇಳುವ ಬಾಲದ ಕಾಟವೂ ಇರುವುದಿಲ್ಲ.

ಲೀಡ್ ಕಾಂಪೆನ್ಸೇಟರ್ ಹಾಕಿ ಗೇನ್ ಏರಿಸಬಹುದಲ್ಲ ಎಂದು ಕೇಳಬಹುದು. ಏರಿಸಬಹುದು. ಆದರೆ ಲೀಡ್ ಕ್ರಾಸ್‌ಓವರನ್ನು ಮೇಲಕ್ಕೆ ಎಳೆಯುತ್ತದೆ, ನಾಯ್ಸನ್ನೂ ದೊಡ್ಡದು ಮಾಡುತ್ತದೆ. ನಮ್ಮ ಷರತ್ತೇ ಕ್ರಾಸ್‌ಓವರ್ ಕದಲಬಾರದು ಎಂಬುದು. ಹಾಗಾಗಿ ಅದು ಇಲ್ಲಿ ಬೇಡ.

ಲ್ಯಾಗ್ ಏನು ಮಾಡುತ್ತದೆ

ಲ್ಯಾಗನ್ನು ನಾನು ಬರೆದುಕೊಳ್ಳುವುದು ಹೀಗೆ:

Gc(s) = (s + z) / (s + p), z = 10p

ಡಿಸಿಯಲ್ಲಿ ಇದರ ಗೇನ್ z/p, ಅಂದರೆ 10. ಫ್ರೀಕ್ವೆನ್ಸಿ z ಅನ್ನು ಚೆನ್ನಾಗಿ ದಾಟಿದ ಮೇಲೆ ಗೇನ್ 1. ಹಾಗಾಗಿ K = 5.62 ಅನ್ನು ಮುಟ್ಟುವುದೇ ಬೇಡ. Kv ತಾನಾಗಿ 56.2 ಆಗುತ್ತದೆ, 5ರ ಹತ್ತಿರ ಲೂಪ್ ಮೊದಲಿನಂತೆಯೇ ಕಾಣುತ್ತದೆ.

ಪಠ್ಯಪುಸ್ತಕಗಳು ಇದನ್ನೇ ಉಲ್ಟಾ ಕಡೆಯಿಂದ ಹೇಳುತ್ತವೆ. ಮೊದಲು K ಏರಿಸಿ ಎರರ್ ಸರಿಮಾಡಿ. ಆಮೇಲೆ ಬೋಡೆ ಪ್ಲಾಟಿನಲ್ಲಿ ಬೇಕಾದ ಫೇಸ್ ಮಾರ್ಜಿನ್‌ಗೆ ಐದರಿಂದ ಹನ್ನೆರಡು ಡಿಗ್ರಿ ಸೇರಿಸಿ, ಅಷ್ಟು ಫೇಸ್ ಸಿಗುವ ಫ್ರೀಕ್ವೆನ್ಸಿ ಹುಡುಕಿ. ಅಲ್ಲಿ ಎಷ್ಟು ಡೆಸಿಬೆಲ್ ಗೇನ್ ಇದೆಯೋ ಅಷ್ಟನ್ನು ಲ್ಯಾಗಿನಿಂದ ಇಳಿಸಿ. ನಮ್ಮ ಲೂಪಿಗೆ ಹೀಗೆ ಮಾಡಿದರೂ 5 ರೇಡಿಯನ್/ಸೆಕೆಂಡಿನಲ್ಲಿ 20 ಡೆಸಿಬೆಲ್ ಇಳಿಸಬೇಕಾಗುತ್ತದೆ, ಅಂದರೆ ಅದೇ 10 ಪಟ್ಟು. ಎರಡೂ ಒಂದೇ ಕಾಂಪೆನ್ಸೇಟರ್. ಕೈಯಲ್ಲಿ ಈಗಾಗಲೇ ಚೆನ್ನಾಗಿ ಓಡುವ ಲೂಪ್ ಇದ್ದರೆ ಮೇಲಿನ ರೂಪ ಸುಲಭ. ಯಾಕೆಂದರೆ ಏನು ಬದಲಾಗುವುದಿಲ್ಲ ಎಂಬುದು ಅಲ್ಲೇ ಕಾಣುತ್ತದೆ.

10 ಎಂಬ ಅನುಪಾತವನ್ನು ಎರರ್ ನಿರ್ಧರಿಸಿತು. ನಮ್ಮ ಕೈಯಲ್ಲಿ ಉಳಿದಿದ್ದು z ಒಂದೇ. ಆಯ್ಕೆ ಅನ್ನುವುದು ಇರುವುದೂ ಇಲ್ಲೇ.

ಕ್ರಾಸ್‌ಓವರಿನಲ್ಲಿ ಲ್ಯಾಗ್ ತಿನ್ನುವ ಫೇಸ್ ಹೆಚ್ಚುಕಡಿಮೆ (z − p)/ωc ರೇಡಿಯನ್. z = 0.5, p = 0.05 ಆದರೆ 0.45/5 = 0.09 ರೇಡಿಯನ್, ಅಂದರೆ ಸುಮಾರು 5 ಡಿಗ್ರಿ. ಝೀರೋವನ್ನು ಕ್ರಾಸ್‌ಓವರಿನ ಹತ್ತನೇ ಒಂದರಲ್ಲಿ ಇಡಿ ಎಂಬ ರೂಢಿಯ ಮಾತು ಬಂದಿದ್ದು ಇಲ್ಲಿಂದ. ಇನ್ನೊಂದು ವಿಷಯವೂ ಈ ಲೆಕ್ಕದಲ್ಲೇ ಇದೆ. ಫೇಸಿನ ಬೆಲೆ ನಿಂತಿರುವುದು ಮುಖ್ಯವಾಗಿ z ಮೇಲೆ, ಅನುಪಾತದ ಮೇಲಲ್ಲ. 10 ಪಟ್ಟಿನ ಬದಲು 20 ಪಟ್ಟು ತಗೊಂಡರೂ ಕಾಲು ಡಿಗ್ರಿ ಹೆಚ್ಚಾಗಬಹುದು, ಅಷ್ಟೇ.

ಹಾಗಾದರೆ z ಅನ್ನು ಇನ್ನೂ ಕೆಳಗೆ ಇಟ್ಟುಬಿಡೋಣ, ಫೇಸೂ ಹೋಗಲ್ಲ, ಕ್ರಾಸ್‌ಓವರೂ ಕದಲಲ್ಲ ಅನ್ನಿಸುತ್ತದೆ. ಬೋಡೆ ಪ್ಲಾಟ್ ಮಾತ್ರ ನೋಡುವವರು ಎಡವುವುದು ಇದೇ ಜಾಗದಲ್ಲಿ.

ಬಾಲ

ಲ್ಯಾಗ್ ಸೇರಿಸಿದರೆ ಕ್ಲೋಸ್ಡ್ ಲೂಪಿನಲ್ಲಿ ಒಂದು ಹೊಸ ಪೋಲ್ ಹುಟ್ಟುತ್ತದೆ. ಅದು ಬಂದು ಕೂರುವುದು ಝೀರೋದ ಪಕ್ಕದಲ್ಲೇ. z = 0.5 ಆದಾಗ ಪೋಲ್ −0.545ರಲ್ಲಿ ಇರುತ್ತದೆ. ಟೈಮ್ ಕಾನ್‌ಸ್ಟೆಂಟ್ 1.8 ಸೆಕೆಂಡ್. z = 0.1 ಆದಾಗ ಪೋಲ್ −0.102ರಲ್ಲಿ, ಟೈಮ್ ಕಾನ್‌ಸ್ಟೆಂಟ್ ಹತ್ತು ಸೆಕೆಂಡಿನ ಹತ್ತಿರ. ಮೂಲ ಲೂಪ್ ಒಂದು ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತಿತ್ತು ಎಂಬುದನ್ನು ನೆನಪಿಡಿ.

ಪೋಲ್ ಮತ್ತು ಝೀರೋ ಅಷ್ಟು ಹತ್ತಿರ ಇದ್ದರೆ ಒಂದನ್ನೊಂದು ಹೊಡೆದುಹಾಕುತ್ತವೆ, ಚಿಂತೆ ಬೇಡ ಎಂದು ಹೇಳುವುದುಂಟು. ಸ್ಟೆಪ್‌ಗೆ ಅದು ಅರ್ಧ ನಿಜ. ರ‍್ಯಾಂಪ್‌ಗೆ ಸುಳ್ಳು. ಯಾಕೆ ಅಂತ ನೋಡೋಣ.

ಇಂಟಿಗ್ರೇಟರ್ ಒಂದೇ ಇರುವ ಲೂಪಿಗೆ ಒಂದು ನಿಯಮ ಇದೆ. ಯೂನಿಟ್ ಸ್ಟೆಪ್ ಕೊಟ್ಟಾಗ ಎರರ್ ಗೆರೆಯ ಕೆಳಗಿನ ಒಟ್ಟು ವಿಸ್ತೀರ್ಣ ಯಾವಾಗಲೂ 1/Kv. ಲ್ಯಾಗ್ ಇಲ್ಲದಾಗ ಅದು 0.178. ಲ್ಯಾಗ್ ಬಂದ ಮೇಲೆ ಅದು 0.0178 ಆಗಲೇಬೇಕು. ಆದರೆ ಮೋಟಾರ್ ಏರಿ ನಿಲ್ಲುವ ಮೊದಲ ಒಂದು ಸೆಕೆಂಡು ಹೆಚ್ಚುಕಡಿಮೆ ಮೊದಲಿನಂತೆಯೇ ಇದೆ, ಯಾಕೆಂದರೆ ಕ್ರಾಸ್‌ಓವರನ್ನು ನಾವೇ ಮುಟ್ಟಿಲ್ಲ. ಅಲ್ಲಿ ಆಗಲೇ 0.18ರಷ್ಟು ವಿಸ್ತೀರ್ಣ ಖರ್ಚಾಗಿದೆ. ಉಳಿದ ವ್ಯತ್ಯಾಸವನ್ನು ಎಲ್ಲಿಂದ ತರುವುದು? ಔಟ್‌ಪುಟ್ ಗುರಿ ದಾಟಿ, ಮೇಲೆಯೇ ನಿಂತು, ನಿಧಾನಕ್ಕೆ ಇಳಿಯಬೇಕು. ಅದೇ ಬಾಲ.

ಹಾಗಾಗಿ ಬಾಲದ ವಿಸ್ತೀರ್ಣವನ್ನು ನೀವು ಇಷ್ಟಬಂದಂತೆ ಇಳಿಸಲಾಗದು. z = 1 ಇಟ್ಟರೆ ಬಾಲದ ಎತ್ತರ 0.25, ಟೈಮ್ ಕಾನ್‌ಸ್ಟೆಂಟ್ 0.83 ಸೆಕೆಂಡ್, ಗುಣಿಸಿದರೆ 0.21. z = 0.5 ಇಟ್ಟರೆ 0.099 ಮತ್ತು 1.84, ಗುಣಿಸಿದರೆ 0.18. z = 0.1 ಇಟ್ಟರೆ 0.017 ಮತ್ತು 9.8, ಗುಣಿಸಿದರೆ 0.16. ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ. ಗಿಡ್ಡ ಮಾಡಿದರೆ ಎತ್ತರ, ತಗ್ಗಿಸಿದರೆ ಉದ್ದ. z ಆರಿಸುವುದು ಅಂದರೆ ಬಾಲದ ಆಕಾರ ಆರಿಸುವುದು.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೊನೆಯ ಎರಡು ಕಾಲಂ ಸೆಕೆಂಡಿಗೆ 10 ಡಿಗ್ರಿ ಓಡುವ ರ‍್ಯಾಂಪಿನ ಎರರ್.

| ಝೀರೋ z | ಕ್ರಾಸ್‌ಓವರ್ | ಫೇಸ್ ಮಾರ್ಜಿನ್ | ಸ್ಟೆಪ್ ಓವರ್‌ಶೂಟ್ | 3 ಸೆಕೆಂಡಿಗೆ | 10 ಸೆಕೆಂಡಿಗೆ |
|---|---|---|---|---|---|
| ಲ್ಯಾಗ್ ಇಲ್ಲ | 5.00 | 57.7° | ಶೇ. 10 | 1.78° | 1.78° |
| 1 | 5.08 | 47° | ಶೇ. 27 | 0.23° | 0.18° |
| 0.5 | 5.02 | 52.5° | ಶೇ. 19 | 0.53° | 0.19° |
| 0.1 | 5.00 | 56.7° | ಶೇ. 12 | 1.39° | 0.77° |

ಕ್ರಾಸ್‌ಓವರ್ ಕಾಲಂ ನೋಡಿ. ಮೂರೂ ಪಾಸು. ಫೇಸ್ ಮಾರ್ಜಿನ್ ನೋಡಿದರೆ 0.1 ಎಲ್ಲಕ್ಕಿಂತ ಒಳ್ಳೆಯದು. ಸ್ಟೆಪ್ ನೋಡಿದರೂ ಅದೇ. ಆದರೆ ನಾವು ಲ್ಯಾಗ್ ಹಾಕಲು ಹೊರಟಿದ್ದು ರ‍್ಯಾಂಪ್ ಎರರ್ ಇಳಿಸೋಕೆ. ಅದು 0.1ರಲ್ಲಿ ಮೂರು ಸೆಕೆಂಡಾದರೂ ಅಲ್ಲೇ ಇದೆ, 1.78 ಇದ್ದಿದ್ದು 1.39 ಆಗಿದೆ. ಅರ್ಧ ನಿಮಿಷ ಕಾದರೆ 0.26ಕ್ಕೆ ಬರುತ್ತದೆ. ಗಾಡಿ ಅಷ್ಟು ಹೊತ್ತು ಒಂದೇ ವೇಗದಲ್ಲಿ ಕ್ಯಾಮೆರಾದ ಮುಂದೆ ಓಡುತ್ತದೆಯೇ? ಸೆಕೆಂಡಿಗೆ 10 ಡಿಗ್ರಿಯಂತೆ 30 ಸೆಕೆಂಡಿನಲ್ಲಿ 300 ಡಿಗ್ರಿ ಸುತ್ತಬೇಕು! ಪರೀಕ್ಷೆ ಪತ್ರಿಕೆಯಲ್ಲಿ ಸ್ಟೆಡಿ ಸ್ಟೇಟ್ ಎರರ್ 0.18 ಎಂದು ಬರೆದು ಅಂಕ ತಗೊಳ್ಳಬಹುದು, ಕ್ಯಾಮೆರಾಗೆ ಅದು ಎಂದೂ ಸಿಗುವುದಿಲ್ಲ.

ಆದ್ದರಿಂದ ನನ್ನ ಮೊದಲ ಪ್ರಶ್ನೆ ಫೇಸ್ ಮಾರ್ಜಿನ್ ಬಗ್ಗೆ ಅಲ್ಲ. ಇನ್‌ಪುಟ್ ಒಂದೇ ತರಹ ಎಷ್ಟು ಹೊತ್ತು ಇರುತ್ತದೆ? ಆ ಅವಧಿ 1/zಗಿಂತ ಮೂರು ನಾಲ್ಕು ಪಟ್ಟು ಇರಬೇಕು. ಇಲ್ಲದಿದ್ದರೆ ಲ್ಯಾಗ್ ಹಾಕಿಯೂ ಹಾಕದಂತೆ. ಈ ಕ್ಯಾಮೆರಾಗೆ ಗಾಡಿ ಆರೇಳು ಸೆಕೆಂಡ್ ಕಾಣಿಸಿಕೊಂಡರೆ z = 0.5 ಸರಿ. ಏಳನೇ ಸೆಕೆಂಡಿಗೆ ಎರರ್ 0.22ಕ್ಕೆ ಇಳಿದಿರುತ್ತದೆ. ಮೂರೇ ಸೆಕೆಂಡ್ ಸಿಗುವುದಾದರೆ z = 1 ಬೇಕು. ಆಗ ಹತ್ತು ಡಿಗ್ರಿ ಫೇಸ್ ಕೊಟ್ಟು, ಶೇ. 27ರ ಓವರ್‌ಶೂಟ್ ಸಹಿಸಬೇಕು. ದೊಡ್ಡ ಜಿಗಿತಗಳನ್ನು ಕಮಾಂಡಿನಲ್ಲೇ ಮೆಲ್ಲಗೆ ಏರಿಸಿದರೆ ಆ ಓವರ್‌ಶೂಟ್ ಅಷ್ಟು ಕಾಡುವುದಿಲ್ಲ. ಇನ್ನು z = 0.1 ಯಾವಾಗ? ಎರರ್ ಹುಟ್ಟುವ ಕಾರಣ ನಿಮಿಷಗಟ್ಟಲೆ ಬದಲಾಗದೆ ಇರುವ ಕಡೆ. ಉದಾಹರಣೆಗೆ, ಒಂದೇ ಕಡೆಯಿಂದ ತಳ್ಳುವ ತೂಕ, ಅಥವಾ ನಿಧಾನಕ್ಕೆ ಬಿಸಿಯಾಗುವ ಡ್ರೈವ್‌ನ ಡ್ರಿಫ್ಟ್.

ಸ್ವಂತ ಲೂಪಿಗೆ ಮಾರ್ಜಿನ್, ಕ್ರಾಸ್‌ಓವರ್, ಪೋಲ್‌ಗಳು ಬೇಕಾದರೆ ಪೈಥಾನಿನಲ್ಲಿ ಕೆಲವೇ ಸಾಲು:

```python
import control as ct
s = ct.tf('s')
G = 5.62 / (s*(0.1*s + 1)*(0.02*s + 1))
for z in (1, 0.5, 0.1):
    L = G*(s + z)/(s + z/10)
    gm, pm, wg, wp = ct.margin(L)
    print(z, pm, wp, ct.feedback(L, 1).poles())
```

ಪ್ರಿಂಟ್ ಆದ ಪೋಲ್‌ಗಳಲ್ಲಿ ಸೊನ್ನೆಗೆ ಅತಿ ಹತ್ತಿರ ಇರುವುದನ್ನು ನೋಡಿ. ಮೈನಸ್ ಬಿಟ್ಟು ಅದನ್ನು ತಲೆಕೆಳಗು ಮಾಡಿದರೆ ಬಾಲದ ಟೈಮ್ ಕಾನ್‌ಸ್ಟೆಂಟ್ ಬರುತ್ತದೆ. ಮಾರ್ಜಿನ್ ನೋಡುವ ಮೊದಲು ಇದನ್ನು ನೋಡುವ ಅಭ್ಯಾಸ ಒಳ್ಳೆಯದು.

ಲ್ಯಾಗೋ, ಪಿಐಯೋ?

p ಅನ್ನು ಸೊನ್ನೆಗೆ ತಳ್ಳಿದರೆ ಲ್ಯಾಗ್ ಪಿಐ ಆಗುತ್ತದೆ: (s + z)/s. z = 0.5ರಲ್ಲಿ ಫೇಸ್ ಬೆಲೆ 5.1ರ ಬದಲು 5.7 ಡಿಗ್ರಿ. ಬಾಲವೂ ಹೆಚ್ಚುಕಡಿಮೆ ಅದೇ. ರ‍್ಯಾಂಪ್ ಎರರ್ ಮಾತ್ರ ಪೂರ್ತಿ ಸೊನ್ನೆ. ಅರ್ಧ ಡಿಗ್ರಿ ಫೇಸಿಗೆ ಇಷ್ಟು ಸಿಗುವಾಗ ಪಿಐ ಬಿಟ್ಟು ಲ್ಯಾಗ್ ಯಾಕೆ?

ಎರಡು ಕಾರಣ ಇವೆ. ಮೊದಲನೆಯದು ಘರ್ಷಣೆ. ಕ್ಯಾಮೆರಾ ಗುರಿಯ ಹತ್ತಿರ ಬಂದು ಗೇರಿನ ಘರ್ಷಣೆಗೆ ಸಿಕ್ಕಿ ನಿಂತಿತು ಅಂದುಕೊಳ್ಳಿ. ಪಿಐ ಉಳಿದ ಚೂರು ಎರರನ್ನೂ ಕೂಡಿಸುತ್ತಾ ಹೋಗುತ್ತದೆ. ಒಂದು ಹೊತ್ತಿಗೆ ಟಾರ್ಕ್ ಘರ್ಷಣೆಯನ್ನು ಮೀರಿ ಕ್ಯಾಮೆರಾ ಜಿಗಿಯುತ್ತದೆ, ಗುರಿ ದಾಟಿ ಆಚೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಅದೇ ಕಥೆ. ಮಾನಿಟರಿನಲ್ಲಿ ಚಿತ್ರ ಕೆಲವು ಸೆಕೆಂಡಿಗೊಮ್ಮೆ ಆಚೀಚೆ ಟಕ್ ಎಂದು ಕುಪ್ಪಳಿಸುವುದು ಕಂಡರೆ ಇದನ್ನೇ ಮೊದಲು ಅನುಮಾನಿಸಿ. ಲ್ಯಾಗಿಗೆ ಡಿಸಿ ಗೇನ್ 10ಕ್ಕೆ ಮಿತಿ. ಎರರ್ ಸಣ್ಣದಿದ್ದರೆ ಹತ್ತು ಪಟ್ಟು ಆದರೂ ಘರ್ಷಣೆಯನ್ನು ಮೀರುವುದಿಲ್ಲ, ಸುಮ್ನೆ ನಿಂತಿರುತ್ತದೆ. ಒಂದಿಷ್ಟು ಎರರ್ ಉಳಿಯುತ್ತದೆ, ಆದರೆ ಚಿತ್ರ ಅಲುಗುವುದಿಲ್ಲ. ಕ್ಯಾಮೆರಾ ವಿಷಯದಲ್ಲಿ ನಾನು ಇದನ್ನೇ ಆರಿಸುತ್ತೇನೆ.

ಎರಡನೆಯದು ಡ್ರೈವ್ ಸ್ಯಾಚುರೇಟ್ ಆದಾಗಿನ ವರ್ತನೆ. ಪಿಐ ಆಗ ಅಳತೆಯಿಲ್ಲದೆ ತುಂಬಿಕೊಳ್ಳುತ್ತದೆ. ತಡೆಯೋಕೆ ಪ್ರತ್ಯೇಕ ಕೋಡ್ ಬರೆಯಬೇಕು. ಲ್ಯಾಗೂ ತುಂಬಿಕೊಳ್ಳುತ್ತದೆ, ಆದರೆ ಹತ್ತು ಪಟ್ಟಿಗೆ ನಿಂತುಬಿಡುತ್ತದೆ. ಹಾಗಂತ ಲ್ಯಾಗಿಗೆ ಈ ತೊಂದರೆಯೇ ಇಲ್ಲ ಎಂದು ನಂಬಬೇಡಿ. ದೊಡ್ಡ ಜಿಗಿತದ ಮೇಲೆ ಬಾಲ ಲೆಕ್ಕಕ್ಕಿಂತ ದಪ್ಪವಾಗಿ ಕಂಡರೆ ಕಾರಣ ಇದೇ ಇರಬಹುದು. ಜಿಗಿತವನ್ನು ಅರ್ಧ ಮಾಡಿ ನೋಡಿ. ಬಾಲವೂ ಅರ್ಧವಾದರೆ ಲೂಪ್ ಲೀನಿಯರ್ ಆಗಿಯೇ ಇದೆ. ಅರ್ಧಕ್ಕಿಂತ ಎಷ್ಟೋ ಕಡಿಮೆ ಆದರೆ ಡ್ರೈವ್ ಸ್ಯಾಚುರೇಟ್ ಆಗುತ್ತಿತ್ತು.

ಘರ್ಷಣೆ ಕಡಿಮೆ, ಎರರ್ ಪೂರ್ತಿ ಸೊನ್ನೆ ಬೇಕೇ ಬೇಕು ಅಂದರೆ ಪಿಐ. ಇನ್ನು ಕಮಾಂಡಿನ ವೇಗ ಮೊದಲೇ ಗೊತ್ತಿದ್ದರೆ ಎರಡೂ ಬೇಡ. ಆ ವೇಗವನ್ನು ನೇರವಾಗಿ ಡ್ರೈವಿಗೆ ಫೀಡ್‌ಫಾರ್ವರ್ಡ್ ಮಾಡಿ, ಲೂಪನ್ನು ಮುಟ್ಟದೆ ರ‍್ಯಾಂಪ್ ಎರರ್ ಇಳಿಯುತ್ತದೆ. ನಮ್ಮ ಕ್ಯಾಮೆರಾಗೆ ಆ ಭಾಗ್ಯ ಇಲ್ಲ. ಅದಕ್ಕೆ ಕಾಣುವುದು ಚೌಕಟ್ಟಿನಲ್ಲಿ ಗಾಡಿ ಎಷ್ಟು ಪಕ್ಕಕ್ಕೆ ಸರಿದಿದೆ ಎಂಬುದು ಮಾತ್ರ.

ಕೈಯಲ್ಲಿ ಕಟ್ಟುವಾಗ

ಅನಲಾಗ್ ಸರ್ಕ್ಯೂಟಿನಲ್ಲಿ ಲ್ಯಾಗ್ ಅಂದರೆ ಎರಡು ರೆಸಿಸ್ಟರ್, ಒಂದು ಕೆಪಾಸಿಟರ್. ಸಿಗ್ನಲ್ ದಾರಿಯಲ್ಲಿ R1, ಔಟ್‌ಪುಟ್ಟಿನಿಂದ ಗ್ರೌಂಡಿಗೆ R2 ಮತ್ತು C ಸರಣಿಯಲ್ಲಿ. z = 1/(R2·C), p = 1/((R1 + R2)·C). z = 0.5ಕ್ಕೆ C = 10 ಮೈಕ್ರೋಫ್ಯಾರಡ್ ತಗೊಂಡರೆ R2 = 200 ಕಿಲೋಓಮ್, R1 = 1.8 ಮೆಗಾಓಮ್. ಈ ಸರ್ಕ್ಯೂಟಿನ ಡಿಸಿ ಗೇನ್ 1, ಮೇಲಿನ ಫ್ರೀಕ್ವೆನ್ಸಿಯಲ್ಲಿ 0.1. ಹಾಗಾಗಿ ಹತ್ತು ಪಟ್ಟಿನ ಆಂಪ್ಲಿಫೈಯರ್ ಜೊತೆಗೆ ಬೇಕು.

ಇಲ್ಲಿ ಕೆಪಾಸಿಟರಿನ ಸೋರಿಕೆ ಗಮನಿಸಿ. 1.8 ಮೆಗಾಓಮ್ ಮೂಲಕ ಒಂದು ವೋಲ್ಟಿಗೆ ಬರುವುದು ಅರ್ಧ ಮೈಕ್ರೋಆಂಪ್ ಚಿಲ್ಲರೆ. ಸಾದಾ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಅದರ ದೊಡ್ಡ ಪಾಲನ್ನು ತಾನೇ ಸೋರಿಸಿಬಿಡಬಲ್ಲದು. ಆಗ ಡಿಸಿ ಗೇನ್ ಬಿದ್ದು, ಯಾವುದಕ್ಕಾಗಿ ಲ್ಯಾಗ್ ಹಾಕಿದಿರೋ ಆ ಎರರೇ ವಾಪಸ್ ಬರುತ್ತದೆ. ಬೋಡೆ ಪ್ಲಾಟ್ ಕ್ರಾಸ್‌ಓವರಿನ ಹತ್ತಿರ ಸರಿಯಾಗೇ ಇರುವುದರಿಂದ ಬೇಗ ಗೊತ್ತೂ ಆಗುವುದಿಲ್ಲ. ಫಿಲ್ಮ್ ಕೆಪಾಸಿಟರ್ ಹಾಕಿ, ದೊಡ್ಡದಾದರೂ ಪರವಾಗಿಲ್ಲ. z = 0.1ಕ್ಕೆ ಇದೆಲ್ಲ ಐದು ಪಟ್ಟು ಆಗುತ್ತದೆ. ಅನಲಾಗಿನಲ್ಲಿ ಅದನ್ನು ಬಿಡುವುದೇ ವಾಸಿ.

ಮೈಕ್ರೋಕಂಟ್ರೋಲರಿನಲ್ಲಿ ಬೇರೆ ಕಾಟ. ಒಂದು ಮಿಲಿಸೆಕೆಂಡ್ ಸ್ಯಾಂಪ್ಲಿಂಗ್, ಟಸ್ಟಿನ್ ವಿಧಾನ ಅಂದುಕೊಳ್ಳಿ. z = 0.5ಕ್ಕೆ ಹೀಗೆ ಬರುತ್ತದೆ:

```
u[k] = 0.99995*u[k-1] + 1.000225*e[k] - 0.999725*e[k-1]
```

ಡಿಸಿ ಗೇನ್ ಅಂದರೆ (1.000225 − 0.999725) ÷ (1 − 0.99995), ಅಂದರೆ 10. ಎರಡು ತೀರಾ ಚಿಕ್ಕ ವ್ಯತ್ಯಾಸಗಳ ಅನುಪಾತ ಇದು. ಫ್ಲೋಟ್ ಬಳಸದೆ 16 ಬಿಟ್ಟಿನಲ್ಲಿ, 14 ಬಿಟ್ ದಶಾಂಶಕ್ಕೆ ಕೊಟ್ಟು ಬರೆದರೆ ಒಂದು ಮೆಟ್ಟಿಲು 1/16384. ಮೇಲಿನ ವ್ಯತ್ಯಾಸ 9 ಮೆಟ್ಟಿಲಿಗೆ, ಕೆಳಗಿನದು 1 ಮೆಟ್ಟಿಲಿಗೆ ಬಂದು ಕೂರುತ್ತದೆ. ಗೇನ್ 9 ಆಯಿತು, ಹೋಗಲಿ ಬಿಡಿ. z = 0.1ಕ್ಕೆ ಬನ್ನಿ. 0.99999 ಎಂಬುದು ಸೀದಾ 1 ಆಗಿಬಿಡುತ್ತದೆ. ನೀವು ಡಿಸೈನ್ ಮಾಡಿದ್ದು ಲ್ಯಾಗ್, ಚಿಪ್ಪಿನಲ್ಲಿ ಓಡುತ್ತಿರುವುದು ಪಿಐ. ಸ್ಯಾಚುರೇಷನ್ನಿಗೆ ಯಾವ ತಡೆಯೂ ಇಲ್ಲದ ಪಿಐ! 32 ಬಿಟ್ ಬಳಸಿ, ಅಥವಾ ಲ್ಯಾಗಿನ ನಿಧಾನ ಭಾಗವನ್ನು ಮಾತ್ರ ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಓಡಿಸಿ.

ಕಟ್ಟಿದ ಮೇಲೆ ಪರೀಕ್ಷೆ ಸುಲಭ. ಸ್ಥಿರ ವೇಗದ ಕಮಾಂಡ್ ಕೊಟ್ಟು ಎರರನ್ನು ರೆಕಾರ್ಡ್ ಮಾಡಿ. z = 0.5ರ ಲೂಪಿನಲ್ಲಿ ಅದು ಸುಮಾರು 0.35 ಸೆಕೆಂಡಿಗೆ 2 ಡಿಗ್ರಿಯ ಹತ್ತಿರಕ್ಕೆ ಏರಿ, ಆಮೇಲೆ ಇಳಿಯತೊಡಗುತ್ತದೆ. ಅಂತಿಮ ಬೆಲೆಯನ್ನು ಕಳೆದು, ಉಳಿದದ್ದನ್ನು ಲಾಗ್ ಸ್ಕೇಲಿನಲ್ಲಿ ಹಾಕಿ. ಒಂದನೇ ಸೆಕೆಂಡಿನಿಂದ ಆಚೆಗೆ ನೇರ ಗೆರೆ ಬರಬೇಕು, 1.8 ಸೆಕೆಂಡಿಗೊಮ್ಮೆ ಶೇ. 37ಕ್ಕೆ ಇಳಿಯಬೇಕು. ಗೆರೆ ಸರಿಯಾದ ಇಳಿಜಾರಿನಲ್ಲಿದ್ದೂ ಎರರ್ 0.18ರ ಬದಲು 0.3ಕ್ಕೆ ನಿಂತರೆ ಡಿಸಿ ಗೇನ್ ಎಲ್ಲೋ ಸೋರುತ್ತಿದೆ, ಕೆಪಾಸಿಟರ್ ಅಥವಾ ಬಿಟ್‌ಗಳನ್ನು ನೋಡಿ. ಎರರ್ ಸೊನ್ನೆಗೇ ಇಳಿದರೆ p ಕಳೆದುಹೋಗಿದೆ. ಗೆರೆಯೇ ನೇರ ಬರದೆ ಮೆಟ್ಟಿಲು ಮೆಟ್ಟಿಲಾಗಿ ಬಂದರೆ ಗೇರು ಬಿಚ್ಚಿ ಗ್ರೀಸ್ ನೋಡಿ, ಝೀರೋ ಬದಲಿಸುತ್ತಾ ಕೂರಬೇಡಿ.